ಐನೂರು ಕಡಿಮೆ ಕೇಳಿದವರಿಗೆ ಫಾಲ್, ಕುಚ್ಚು ಹಾಕಿ ಕೊಡಿ

ಓದುಗರ ಪತ್ರ: ನಾವು ಮನೆಯಲ್ಲೇ ಇಳಕಲ್ ಸೀರೆ ನೇಯ್ದು ವಾಟ್ಸಾಪ್‌ನಲ್ಲಿ ಮಾರುತ್ತೇವೆ. ಹತ್ತಿಯ ಒಡಲು, ರೇಷ್ಮೆ ಸೆರಗಿನ ಸೀರೆಗೆ 4,200 ರೂಪಾಯಿ. ಕೂಲಿಯೂ ಸೇರಿ ನಮಗೆ 3,400 ಬೀಳುತ್ತದೆ. ಬೆಂಗಳೂರಿನ ಒಬ್ಬರು ಮಗಳ ಮದುವೆಯಲ್ಲಿ ಉಡುಗೊರೆ ಕೊಡಲು ಹತ್ತು ಸೀರೆ ಬೇಕು, 3,700ಕ್ಕೆ ಕೊಡಿ ಎನ್ನುತ್ತಾರೆ. ಇಲ್ಲ ಎಂದರೆ ಗಿರಾಕಿ ಹೋದೀತು, ಹೂಂ ಎಂದರೆ ನಮಗೆ ಉಳಿಯುವುದಿಲ್ಲ. ಏನಂತ ಉತ್ತರಿಸಲಿ?

ಸಂಪಾದಕರ ಉತ್ತರ:

ಬೆಲೆ ಇಳಿಸಬೇಡಿ. 4,200ರಲ್ಲೇ ನಿಂತು, ಪ್ರತಿ ಸೀರೆಗೂ ಫಾಲ್, ಪಿಕೊ ಮತ್ತು ಸೆರಗಿನ ಕುಚ್ಚು ಮಾಡಿಸಿ ಕೊಡುವುದಾಗಿ ಹೇಳಿ.

ಈಗ ಸೀರೆಗೆ 800ರಂತೆ ಹತ್ತಕ್ಕೆ ನಿಮಗೆ 8,000 ಉಳಿಯುತ್ತದೆ. 3,700ಕ್ಕೆ ಒಪ್ಪಿದರೆ ಸೀರೆಗೆ 300, ಒಟ್ಟು 3,000 ಮಾತ್ರ. ಗಿರಾಕಿಯ ಕಣ್ಣಿಗೆ ಐನೂರು ಎಂದರೆ ಬೆಲೆಯಲ್ಲಿ ನೂರಕ್ಕೆ ಹನ್ನೆರಡು ರೂಪಾಯಿ, ನಿಮ್ಮ ಉಳಿಕೆಯಲ್ಲಾದರೆ ಅರ್ಧಕ್ಕಿಂತ ಹೆಚ್ಚು. ಅದೇ 8,000 ದುಡಿಯಲು ಆಗ 27 ಸೀರೆ ನೇಯಬೇಕಾಗುತ್ತದೆ. ಕೈಮಗ್ಗದಲ್ಲಿ ಅದು ಎಷ್ಟು ದಿನದ ದುಡಿಮೆ ಎಂದು ನಿಮಗೆ ಯಾರೂ ಹೇಳಬೇಕಿಲ್ಲ. ಆ ಹತ್ತೂ ಸೀರೆ ಒಂದೇ ಮದುವೆಮನೆಯಲ್ಲಿ ಹಂಚಿಹೋಗುತ್ತವೆ ಎಂಬುದೂ ನೆನಪಿರಲಿ. ಅಲ್ಲಿಂದ ಬರುವ ಮುಂದಿನ ವಿಚಾರಣೆಗಳೆಲ್ಲ 3,700ರಿಂದಲೇ ಶುರುವಾಗುತ್ತವೆ.

ಫಾಲ್, ಕುಚ್ಚನ್ನೇ ಏಕೆ ಆರಿಸಿದೆವು? ನಿಮಗೆ ಕಡಿಮೆ ಖರ್ಚಿನಲ್ಲಿ ಆಗಿ, ಅವರಿಗೆ ಹೆಚ್ಚು ಬೆಲೆಯದಾಗಿ ಕಾಣುವುದನ್ನೇ ಕೊಡಬೇಕು. ನಿಮ್ಮ ಊರಿನ ದರ ನೀವೇ ಕೇಳಿಕೊಳ್ಳಿ. ಉದಾಹರಣೆಗೆ ಫಾಲ್ ಬಟ್ಟೆ, ಹೊಲಿಗೆ, ಪಿಕೊ ಸೇರಿ 110, ಸಾದಾ ಕುಚ್ಚಿಗೆ 120, ಒಟ್ಟು 230 ಬಿತ್ತು ಎಂದುಕೊಳ್ಳೋಣ. ಅದೇ ಕೆಲಸಕ್ಕೆ ಅವರು ಬೆಂಗಳೂರಿನಲ್ಲಿ 450ರಷ್ಟು ಕೊಟ್ಟರೆ, ಅವರು ಕೇಳಿದ ಐನೂರರ ಹತ್ತಿರಕ್ಕೇ ಬಂದಂತಾಯಿತು. ನಿಮಗೆ ಸೀರೆಗೆ 570ರಂತೆ 5,700 ಉಳಿಯುತ್ತದೆ. ಮದುವೆ ಕೆಲಸದ ನಡುವೆ ಹತ್ತು ಸೀರೆ ಹೊತ್ತು ಟೈಲರ್ ಅಂಗಡಿಗೆ ಎರಡೆರಡು ಸಲ ಅಲೆಯುವುದು ಅವರಿಗೆ ತಪ್ಪುತ್ತದೆ. ಬಹಳ ಜನರಿಗೆ ದುಡ್ಡಿಗಿಂತ ಇದೇ ದೊಡ್ಡದು.

ಆದರೆ ಅವರು ಕೇಳಿದ ಕೂಡಲೇ ಇದನ್ನು ಮುಂದಿಡಬೇಡಿ. ಮೊದಲೇ ಹೇಳಿದರೆ ಅದನ್ನೂ ಸೇರಿಸಿಕೊಂಡು ಮತ್ತೆ 3,700ಕ್ಕೇ ಬರುತ್ತಾರೆ. ಮೊದಲು ಎರಡು ವಿಷಯ ತಿಳಿದುಕೊಳ್ಳಿ: ಮದುವೆ ಯಾವ ತಾರೀಖಿಗೆ, ಮತ್ತು 3,700 ಎಂಬ ಅಂಕಿ ಎಲ್ಲಿಂದ ಬಂತು. ಒಬ್ಬೊಬ್ಬರಿಗೆ ಇಷ್ಟು ಎಂದು ಮನೆಯಲ್ಲಿ ಲೆಕ್ಕ ಹಾಕಿದ್ದಾರೋ, ಬೇರೆಯವರ ಸೀರೆ ನೋಡಿ ಹೇಳುತ್ತಿದ್ದಾರೋ ಎಂಬುದರ ಮೇಲೆ ನಿಮ್ಮ ಉತ್ತರ ನಿಂತಿದೆ.

ಬೇರೆಯವರ ಸೀರೆ ನೋಡಿದ್ದಾರೆ ಎಂದಾದರೆ ಅದರ ಫೋಟೊ ಕಳಿಸಲು ಹೇಳಿ. ಎಷ್ಟೋ ಸಲ ಅದು ಪವರ್‌ಲೂಮಿನ ನಕಲಾಗಿರುತ್ತದೆ. ಆಗ ಕೊಂಡಿಯನ್ನು ತೋರಿಸಿ. ನಿಮ್ಮ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡರ ಎಳೆಗಳನ್ನೂ ಕುಣಿಕೆ ಹಾಕಿ ಒಂದಕ್ಕೊಂದು ಕೂಡಿಸಿರುತ್ತೀರಿ. ಸೀರೆಯನ್ನು ಮಗುಚಿ, ಒಡಲು ಮತ್ತು ಸೆರಗು ಸೇರುವ ಗೆರೆಯ ಮೇಲೆ ಫೋನನ್ನು ಹತ್ತಿರ ಹಿಡಿದು, ಕಿಟಕಿಯ ಬೆಳಕಿನಲ್ಲಿ ಇಪ್ಪತ್ತು ಸೆಕೆಂಡಿನ ವಿಡಿಯೊ ತೆಗೆಯಿರಿ. ಕುಣಿಕೆಗಳ ಸಾಲು ಕಾಣಬೇಕು. ಜತೆಗೆ ‘ನೀವು ನೋಡಿದ ಸೀರೆಯಲ್ಲಿ ಇದೇ ಜಾಗದ ಫೋಟೊ ಕೇಳಿ ನೋಡಿ’ ಎಂದಷ್ಟೇ ಬರೆಯಿರಿ. ಆ ಅಂಗಡಿಯವರನ್ನು ಹಳಿಯುವ ಅಗತ್ಯವಿಲ್ಲ. ಈ ವಿಡಿಯೊಗೆ ಖರ್ಚೇ ಇಲ್ಲ. ಬೆಲೆ ಏಕೆ ಇಳಿಯುವುದಿಲ್ಲ ಎಂಬುದನ್ನು ಮಾತಿಗಿಂತ ಚೆನ್ನಾಗಿ ಅದೇ ಹೇಳುತ್ತದೆ.

ಇಷ್ಟಾದ ಮೇಲೆ ಬರೆಯಬೇಕಾದದ್ದು ಹೀಗಿರಲಿ:

‘ನಮಸ್ಕಾರ ಮೇಡಂ. ಸೀರೆಯ ಬೆಲೆ 4,200, ಅದರಲ್ಲಿ ಇಳಿಸಲು ಆಗುವುದಿಲ್ಲ. ಹತ್ತು ಸೀರೆ ಒಟ್ಟಿಗೆ ತೆಗೆದುಕೊಳ್ಳುತ್ತಿದ್ದೀರಿ, ಹಾಗಾಗಿ ಹತ್ತಕ್ಕೂ ಬಣ್ಣಕ್ಕೆ ಹೊಂದುವ ಫಾಲ್, ಪಿಕೊ, ಸೆರಗಿಗೆ ಕುಚ್ಚು ನಾವೇ ಮಾಡಿಸಿ ಕೊಡುತ್ತೇವೆ. ಮನೆಗೆ ಬಂದ ಸೀರೆಯನ್ನು ಹಾಗೇ ಉಡುಗೊರೆ ಕೊಡಬಹುದು. ಮದುವೆಗೆ ಹದಿನೈದು ದಿನ ಮುಂಚೆ ನಿಮ್ಮ ಕೈ ಸೇರುತ್ತವೆ. ಬಣ್ಣ ಈ ವಾರದೊಳಗೆ ಆರಿಸಿ ತಿಳಿಸಿ.’

‘ಫ್ರೀ’ ಎಂಬ ಮಾತು ಇದರಲ್ಲಿ ಎಲ್ಲಿಯೂ ಬರಬಾರದು. ಫ್ರೀ ಎಂದರೆ ಬೆಲೆಯಿಲ್ಲದ್ದು ಎಂದೇ ಜನ ತಿಳಿಯುತ್ತಾರೆ. ಕ್ಷಮೆ ಕೇಳುವುದೂ ಬೇಡ, ನೂಲಿನ ದರ ಏರಿದ ಕಷ್ಟ ಹೇಳಿಕೊಳ್ಳುವುದೂ ಬೇಡ; ಅದು ಹೊಸ ಚೌಕಾಸಿಗೆ ದಾರಿ ಮಾಡುತ್ತದೆ.

‘ಫಾಲ್, ಕುಚ್ಚು ಬೇಡ, ಆ ದುಡ್ಡು ಕಳೆಯಿರಿ’ ಎಂಬ ಮಾತು ಬಂದೀತು. ಉಡುಗೊರೆ ಪಡೆಯುವ ಹಿರಿಯರು ಕಚ್ಚೆ ಉಡುವವರಾಗಿದ್ದರೆ ಫಾಲ್ ನಿಜಕ್ಕೂ ಬೇಡ. ಆಗ ದುಡ್ಡು ಕಳೆಯದೆ ಅಷ್ಟೇ ಖರ್ಚಿನ ಬೇರೆ ವಸ್ತು ಕೊಡಿ. ಗುಳೇದಗುಡ್ಡದ ಖಣ ನಿಮಗೆ ಹತ್ತಿರದಲ್ಲೇ ನೇಕಾರರಿಂದ ಸಿಗುತ್ತದೆ. ಇಳಕಲ್ ಸೀರೆಗೆ ಖಣದ ಕುಪ್ಪಸ ಮೊದಲಿನಿಂದ ಬಂದ ಜೋಡಿ, ಬೆಂಗಳೂರಿನವರಿಗೆ ಹುಡುಕಿದರೂ ಒಳ್ಳೆಯದು ಸಿಗುವುದು ಕಷ್ಟ. 230ರೊಳಗೆ ನಿಮಗೆ ಯಾವ ಗುಣದ ಖಣ ಬರುತ್ತದೆ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳಿ. ಖಣ, ಫಾಲ್, ಕುಚ್ಚು ಮೂರನ್ನೂ ಒಟ್ಟಿಗೆ ಕೊಟ್ಟುಬಿಟ್ಟರೆ ಬೆಲೆ ಇಳಿಸಿದ್ದಕ್ಕೂ ಇದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ.

ಸೇರಿಸಿ ಕೊಡುವ ಕೆಲಸ ಕೆಟ್ಟರೆ ಸೀರೆಯ ಹೆಸರೂ ಕೆಡುತ್ತದೆ. ಹತ್ತಿಯ ಫಾಲ್ ಬಟ್ಟೆಯನ್ನು ನೀರಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಯೇ ಹೊಲಿಯಲು ಕೊಡಬೇಕು. ನೆನೆಸದೆ ಹೊಲಿದರೆ ಮೊದಲ ಒಗೆತಕ್ಕೇ ಫಾಲ್ ಕುಗ್ಗಿ, ದಡಿಯ ಅಂಚು ಸುಕ್ಕುಗಟ್ಟಿ ಮೇಲೆದ್ದು ನಿಲ್ಲುತ್ತದೆ. ಗಿರಾಕಿ ಬೈಯುವುದು ಟೈಲರನ್ನಲ್ಲ, ನಿಮ್ಮನ್ನು. ಮೇಲಿನ ಅಂಚನ್ನು ಕೈಹೊಲಿಗೆಯಲ್ಲೇ ಹಾಕಿಸಿ, ಟಾಕು ದಡಿಯ ಮುಖಕ್ಕೆ ಕಾಣಬಾರದು. ಕುಚ್ಚಿಗೆ ಸೆರಗಿನ ತುದಿಯಲ್ಲಿ ಬಿಟ್ಟಿರುವ ಎಳೆಗಳನ್ನೇ ಬಳಸಿ ಗಂಟು ಹಾಕಿಸಿದರೆ ಹೊಂದುತ್ತದೆ. ಹಾಗಾಗಿ ಈ ಹತ್ತು ಸೀರೆಗಳನ್ನು ಮಗ್ಗದಿಂದ ಇಳಿಸುವಾಗ ತುದಿಯ ಎಳೆ ಗಿಡ್ಡವಾಗಿ ಕತ್ತರಿಸಬೇಡಿ.

ಇನ್ನು, ಮನೆಯಲ್ಲಿ ಹಾಕಿಕೊಂಡ ಲೆಕ್ಕವೇ 3,700 ಎಂದಾದರೆ ಎಷ್ಟು ಸೇರಿಸಿದರೂ ಅವರ ಕೈಗೆ ಎಟುಕುವುದಿಲ್ಲ. ಒತ್ತಾಯಿಸದೆ ಅಷ್ಟಕ್ಕೇ ಕೂರುವ ಬೇರೆ ಸೀರೆ ತೋರಿಸಿ: ರೇಷ್ಮೆಯ ಬದಲು ಆರ್ಟ್ ಸಿಲ್ಕ್ ಸೆರಗಿನದು, ಇಲ್ಲವೇ ಚಿಕ್ಕ ದಡಿಯದು. ಆರ್ಟ್ ಸಿಲ್ಕ್ ಎಂಬುದನ್ನು ಬಿಲ್ಲಿನಲ್ಲೂ ಬರೆಯಿರಿ. ಕೆಲವರು ಹತ್ತಿರದ ನೆಂಟರಿಗೆ ನಾಲ್ಕು ರೇಷ್ಮೆ ಸೆರಗಿನದು, ಉಳಿದವರಿಗೆ ಆರು ಆರ್ಟ್ ಸಿಲ್ಕಿನದು ಎಂದು ಹಂಚಿಕೊಳ್ಳುತ್ತಾರೆ. 4,200ರ ಸೀರೆಯನ್ನೇ 3,700ಕ್ಕೆ ಕೊಡುವುದು ಮಾತ್ರ ಬೇಡ. ಇದಕ್ಕೂ ಒಪ್ಪದಿದ್ದರೆ ಆ ಗಿರಾಕಿಯನ್ನು ಬಿಟ್ಟುಬಿಡಿ.

ಫಾಲ್ ಹೊಲಿದ, ಕುಚ್ಚು ಕಟ್ಟಿದ ಸೀರೆಯನ್ನು ವಾಪಸು ಪಡೆದರೆ ಹೊಸದೆಂದು ಮಾರಲು ಬರುವುದಿಲ್ಲ. ಆದ್ದರಿಂದ ಹೊಲಿಗೆಗೆ ಕೊಡುವ ಮುನ್ನ ಹತ್ತೂ ಸೀರೆಯನ್ನು ಹಗಲು ಬೆಳಕಿನಲ್ಲಿ ವಿಡಿಯೊ ಕರೆಯಲ್ಲಿ ತೋರಿಸಿ, ಅವರು ಒಪ್ಪಿದ ಮಾತನ್ನು ಸಂದೇಶದಲ್ಲಿ ಬರೆಸಿಕೊಂಡು, ಅರ್ಧ ಹಣ, ಅಂದರೆ 21,000 ರೂಪಾಯಿ, ಮುಂಗಡ ತೆಗೆದುಕೊಳ್ಳಿ.