ಹೆಸರು ತೆಗೆದ್ರೆ ಮನುಷ್ಯ ಮರೆಯಾಗಲ್ಲ

ಸಾರ್, ನನ್ನ ಟೀಮಿನ ಹುಡುಗಿಯ ಅಪ್ರೈಸಲ್ ಬರೆದಿದ್ದೆ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಅದಕ್ಕೆ ಹೆಸರು ತೆಗೆದು ಇಡೀ ಫೈಲನ್ನ ಎಐಗೆ ಹಾಕಿ ತಿದ್ದಿಸ್ಕೊಂಡೆ. ಪಕ್ಕದ ಸೀಟಿನವರು ‘ಹಾಗೆಲ್ಲ ಮಾಡ್ಬಾರ್ದು’ ಅಂತ ಗಲಾಟೆ ಮಾಡಿದ್ರು. ನಾನು ಮಾಡಿದ್ದು ತಪ್ಪಾ? ಆ ಪ್ಯಾರಾನೂ ಕಳಿಸ್ತಿದೀನಿ.
— ಒಬ್ಬ ಟೀಮ್ ಲೀಡ್, ಬೆಂಗಳೂರು

ಕನ್ನಡ ಮೀಡಿಯಮ್ಮಲ್ಲಿ ಓದಿ ಬಂದೋರಿಗೆ ಅಪ್ರೈಸಲ್ ಇಂಗ್ಲಿಷು ಎಂಥ ಹಿಂಸೆ ಅಂತ ಗೊತ್ತು, ಭಾಷೆ ತಿದ್ದಿಸ್ಕೊಂಡಿದ್ದಕ್ಕೆ ನನ್ನ ತಕರಾರಿಲ್ಲ. ಆದ್ರೆ ಪಕ್ಕದ ಸೀಟಿನವರು ಹೇಳಿದ್ದೇ ಸರಿ, ಅಂಥೋರು ಪ್ರತಿ ಆಫೀಸಲ್ಲೂ ಒಬ್ರು ಇರ್ಬೇಕು.

ನೀವು ಕಳಿಸಿದ ಪ್ಯಾರಾ ಇಲ್ಲಿ ಅಚ್ಚು ಹಾಕಲ್ಲ, ಅದು ನನ್ನ ಕೈಗೂ ಬರ್ಬಾರ್ದಿತ್ತು. ಅದೇ ಥರದ್ದೊಂದನ್ನ ನಾನೇ ಕಟ್ಟಿ ಹೇಳ್ತೀನಿ: ‘ಹುಬ್ಬಳ್ಳಿ ಬ್ರಾಂಚಿಗೆ ಇವರೊಬ್ಬರೇ ಟೆಸ್ಟರ್, ಮಾರ್ಚಲ್ಲಿ ಹೆರಿಗೆ ರಜೆ ಮುಗಿಸಿ ಬಂದ್ರು, ಡಿಪ್ರೆಶನ್ನಿಗೆ ಮಾತ್ರೆ ತಗೋತಿದಾರೆ, ಮೂರು ರಿಲೀಸಲ್ಲಿ ಟೆಸ್ಟ್ ರಿಪೋರ್ಟ್ ಲೇಟು, ರೇಟಿಂಗ್ 2.’ ಹೆಸರಿಲ್ಲ ನಿಜ, ಆದ್ರೆ ಆ ಬ್ರಾಂಚಲ್ಲಿ ಸೆಕ್ಯೂರಿಟಿಯವರನ್ನ ಕೇಳಿದ್ರೂ ಯಾರು ಅಂತ ಹೇಳ್ಬಿಡ್ತಾರೆ. ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 2000ದಲ್ಲೇ ಲೆಕ್ಕ ಹಾಕಿ ತೋರಿಸಿದ್ರು, ಹುಟ್ಟಿದ ತಾರೀಖು, ಗಂಡೋ ಹೆಣ್ಣೋ ಅನ್ನೋದು, ಅವರ ಐದಂಕಿ ಪಿನ್‌ಕೋಡು, ಈ ಮೂರು ಸಿಕ್ಕಿದ್ರೆ ಅಲ್ಲಿನ 87% ಜನರನ್ನ ಒಬ್ಬೊಬ್ಬರಾಗಿ ಗುರುತು ಹಿಡಿಯೋ ಸಾಧ್ಯತೆ ಇದೆ ಅಂತ.

ತಿದ್ದೋದಕ್ಕೆ ಬೇಕಿದ್ದಿದ್ದು ಇಷ್ಟೇ: ‘ಎಂಪ್ಲಾಯಿ ಎ, ಎಕ್ಸ್ ರಿಲೀಸ್‌ಗಳಲ್ಲಿ ರಿಪೋರ್ಟ್ ತಡವಾಗಿ ಕೊಟ್ಟಿದಾರೆ, ಮುಂದಿನ ಕ್ವಾರ್ಟರಲ್ಲಿ ಡೆಡ್‌ಲೈನಿಗೆ ಮೊದ್ಲೇ ಕೊಡ್ಬೇಕು.’ ಊರು, ತಿಂಗಳು, ರೇಟಿಂಗು ಇಲ್ದಿದ್ರೂ ಇಂಗ್ಲಿಷು ಅಷ್ಟೇ ಚೆನ್ನಾಗಿ ಬರುತ್ತೆ, ಆಮೇಲೆ ನಿಮ್ಮ ಫೈಲಲ್ಲಿ ನೀವೇ ತುಂಬ್ಕೊಳ್ಳಿ. ಇನ್ನು ಮಾತ್ರೆ ವಿಷಯ, ಅದು ಎಐಗೆ ಮಾತ್ರ ಅಲ್ಲ, ರಿವ್ಯೂನಲ್ಲೇ ಇರ್ಬಾರ್ದು. ನಂಬಿ ಹೇಳ್ಕೊಂಡಿದ್ದನ್ನ ರೇಟಿಂಗ್ ಪಕ್ಕದಲ್ಲಿ ಬರೆಯೋದು ನನಗಂತೂ ಸಹಿಸಕ್ಕಾಗಲ್ಲ.

ಇಡೀ ಫೈಲ್ ಹಾಕೋದು ಇನ್ನೂ ಕೆಟ್ಟದ್ದು. ವರ್ಡ್ ಫೈಲಲ್ಲಿ ಹಳೇ ಕಾಮೆಂಟು, ನೀವು ಅಳಿಸಿದ ಹೆಸರು ಕೂಡ ಟ್ರ್ಯಾಕ್ ಚೇಂಜಸ್ ಆನ್ ಇದ್ರೆ ಒಳಗೇ ಕೂತಿರುತ್ತೆ, ಎಕ್ಸೆಲ್ಲಲ್ಲಿ ಮುಚ್ಚಿಟ್ಟ ಕಾಲಮ್ಮಲ್ಲಿ ಇಡೀ ಟೀಮಿನ ಸಂಬಳ ಇರ್ಬಹುದು. ಅದಕ್ಕೇ ಬೇಕಾದ ವಾಕ್ಯ ಮಾತ್ರ ಪೇಸ್ಟ್ ಮಾಡಿ, ಅದೂ ಕಂಪನಿ ಒಪ್ಪಿರೋ ಟೂಲಲ್ಲಿ. ನಿಮ್ಮ ಸ್ವಂತ ಫ್ರೀ ಅಕೌಂಟಿಗೆ ಹಾಕಿದ್ದು ಎಷ್ಟು ದಿನ ಅಲ್ಲಿರುತ್ತೆ, ಯಾತಕ್ಕೆ ಬಳಕೆಯಾಗುತ್ತೆ ಅನ್ನೋದು ಆ ಟೂಲಿನ ಷರತ್ತಿನ ಮೇಲೆ ಹೋಗುತ್ತೆ, ನಿಮ್ಮ ಕೈಲಿಲ್ಲ. 2023ರಲ್ಲಿ ಸ್ಯಾಮ್‌ಸಂಗ್ ಉದ್ಯೋಗಿಗಳು ಕಂಪನಿಯ ಕೋಡನ್ನೇ ಚಾಟ್‌ಜಿಪಿಟಿಗೆ ಹಾಕಿದ್ರು, ಆಮೇಲೆ ಕಂಪನಿ ಅಂಥ ಟೂಲುಗಳಿಗೆ ನಿರ್ಬಂಧ ಹಾಕ್ತು. ಕೋಡನ್ನ ಕಾಯೋಕೆ ಕಂಪನಿ ಇದೆ, ಆ ಹುಡುಗಿ ಪರವಾಗಿ ಅಲ್ಲಿದ್ದಿದ್ದು ನೀವೊಬ್ರೇ.

ನಮ್ಮಲ್ಲಿ ಬೇರೆಯವರ ವಿಷಯ ಅಂದ್ರೆ ಯಾರಿಗೂ ಏನೂ ಅನ್ಸೋದೇ ಇಲ್ಲ, ಜೆರಾಕ್ಸ್ ಅಂಗಡಿಯಲ್ಲಿ ಆಧಾರ್ ಕಾಪಿ ಬಿದ್ದಿರುತ್ತೆ, ಅಪಾರ್ಟ್‌ಮೆಂಟ್ ಗೇಟಿನ ರಿಜಿಸ್ಟರಲ್ಲಿ ಹಿಂದಿನವರ ನಂಬರು ಎಲ್ರಿಗೂ ಕಾಣುತ್ತೆ. ಖಾಸಗಿತನ ಮೂಲಭೂತ ಹಕ್ಕು ಅಂತ 2017ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು ಹಾಕಿದ ಕೇಸಲ್ಲಿ, ಅದು ನಮ್ಮ ಆಫೀಸುಗಳಿಗೆ ಇನ್ನೂ ತಲುಪಿಲ್ಲ.

ನೀವು ಕೇಳಿದ್ರಲ್ಲ, ಅದು ಸಣ್ಣ ವಿಷಯ ಅಲ್ಲ. ಇವತ್ತೇ ಆ ಚಾಟ್ ಡಿಲೀಟ್ ಮಾಡಿ, ಹಾಕಿದ್ದು ಏನೇನು ಅಂತ ಎಚ್‌ಆರ್‌ಗೆ ಬರೆದು ತಿಳಿಸಿ, ಆ ಹುಡುಗಿಗೂ ನೀವೇ ಹೇಳಿ.