ಬೋರ್ಡು ನೇತುಹಾಕಿದ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ

*ಸಂಪಾದಕರೇ, ಆಟಿಯ ಜೋರು ಮಳೆಯ ದಿನ ಮಂಗಳೂರಿನ ಒಂದು ಮಾಲ್‌ಗೆ ಹೋಗಿದ್ದೆವು. ಕಾರನ್ನು ನಾನೇ ಬೇಸ್‌ಮೆಂಟಿನಲ್ಲಿ ನಿಲ್ಲಿಸಿದೆ. ಸಂಜೆ 4.30ಕ್ಕೆ ಒಳಗೆ ಹೋಗಿ 7.10ಕ್ಕೆ ಹೊರಟಾಗ ಟಿಕೆಟ್ ಸಿಗಲಿಲ್ಲ. ಮೊದಲ ಎರಡು ಗಂಟೆಗೆ 30, ಆಮೇಲೆ ಗಂಟೆಗೆ 20 ರೂಪಾಯಿ ದರ. ಕಂಪ್ಯೂಟರಿನಲ್ಲಿ ನಮ್ಮ ಗಾಡಿ ನಂಬರು, ಒಳಬಂದ ಹೊತ್ತು ಎರಡೂ ಕಾಣುತ್ತಿತ್ತು. ಆದರೂ 500 ಕೊಡದೆ ಗೇಟು ತೆಗೆಯಲಿಲ್ಲ. ಮನೆಗೆ ಬಂದು ನೋಡಿದರೆ ಮೇಲಿನ ಸ್ಲ್ಯಾಬಿನಿಂದ ನೀರು ತೊಟ್ಟಿಕ್ಕಿ ಬಾನೆಟ್ ತುಂಬ ಬಿಳಿ ಕಲೆ. ಪಾಲಿಶ್‌ಗೆ 6,500 ಅಂತಾರೆ. ಮಾಲ್‌ನವರು 'ವಾಹನದ ಹಾನಿಗೆ ನಾವು ಹೊಣೆಯಲ್ಲ' ಎಂಬ ಬೋರ್ಡು ತೋರಿಸುತ್ತಾರೆ. ಇದು ಕಾನೂನಿಗೆ ಸರಿಯೇ?*
*— ಒಬ್ಬ ಓದುಗರು, ಉರ್ವ*

ನೀವು ಎರಡನ್ನೂ ಸುಮ್ನೆ ಬಿಡಬೇಕಾಗಿಲ್ಲ. ಆದರೆ ಟಿಕೆಟಿನ ವಿಷಯ ಬೇರೆ, ಬಾನೆಟ್ಟಿನ ವಿಷಯ ಬೇರೆ. ಮೊದಲು ಟಿಕೆಟ್ ನೋಡೋಣ.

ಟಿಕೆಟ್ ಕಳೆದುಹೋದಾಗ ಮಾಲ್‌ನವರಿಗೆ ಎರಡು ನಿಜವಾದ ತೊಂದರೆಗಳಿವೆ. ಗಾಡಿ ನಿಮ್ಮದೇ ಹೌದೋ ಅಲ್ಲವೋ ಎನ್ನುವುದು ಒಂದು. ಎಷ್ಟು ಹೊತ್ತು ನಿಂತಿತ್ತು ಎನ್ನುವುದು ಇನ್ನೊಂದು. ಮೊದಲನೆಯದಕ್ಕೆ ಅವರು ಆರ್‌ಸಿ, ಲೈಸೆನ್ಸ್ ಕೇಳಲಿ, ರಿಜಿಸ್ಟರಿನಲ್ಲಿ ಸಹಿ ಹಾಕಿಸಿಕೊಳ್ಳಲಿ. ಅದಕ್ಕೆ ಸಿಟ್ಟಾಗಬೇಡಿ, ನಿಮ್ಮ ಕಾರನ್ನು ಬೇರೆಯವರು ಹೊಡೆದುಕೊಂಡು ಹೋಗದಂತೆ ತಡೆಯುವುದೂ ಆ ತಪಾಸಣೆಯೇ. ಎರಡನೆಯ ತೊಂದರೆ ನಿಮ್ಮ ವಿಷಯದಲ್ಲಿ ಇರಲೇ ಇಲ್ಲ. ಒಳಬಂದ ಹೊತ್ತು ಅವರ ಪರದೆಯ ಮೇಲೇ ಇತ್ತು. ಎರಡು ಗಂಟೆ ನಲವತ್ತು ನಿಮಿಷಕ್ಕೆ ಅವರದೇ ದರದಲ್ಲಿ ಆಗುವುದು 50 ರೂಪಾಯಿ. ಕ್ಯಾಮೆರಾ ಇಲ್ಲದೆ, ಬೆಳಿಗ್ಗೆ 10ಕ್ಕೆ ಬಾಗಿಲು ತೆರೆದಾಗಿನಿಂದ ನಿಂತಿತ್ತು ಅಂತ ಲೆಕ್ಕ ಹಾಕಿದರೂ 190 ದಾಟುವುದಿಲ್ಲ. ಹಾಗಾದರೆ 500 ಎಲ್ಲಿಂದ ಬಂತು?

1872ರ ಭಾರತೀಯ ಕರಾರು ಕಾಯ್ದೆಯ 74ನೇ ಸೆಕ್ಷನ್ ಇಲ್ಲಿ ನಿಮ್ಮ ಕಡೆಗಿದೆ. ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಮೊದಲೇ ಬರೆದಿಟ್ಟಿದ್ದರೂ, ಆ ಮೊತ್ತ ಪೂರ್ತಿ ತಾನಾಗಿ ಸಿಗುವುದಿಲ್ಲ. ನ್ಯಾಯಯುತವಾದ ಪರಿಹಾರ ಮಾತ್ರ ಸಿಗುತ್ತದೆ, ಬರೆದ ಮೊತ್ತ ಅದರ ಮೇಲ್ಮಿತಿ ಅಷ್ಟೆ. ಅಂದರೆ 50 ರೂಪಾಯಿಯ ಜೊತೆಗೆ ತಪಾಸಣೆಯ ತಾಪತ್ರಯಕ್ಕೆ ಸ್ವಲ್ಪ ಜಾಸ್ತಿ ಕೇಳಿದರೆ ಒಪ್ಪಬಹುದು. ಹತ್ತು ಪಟ್ಟು ಕೇಳಿದರೆ ಅದು ದಂಡ. ದಂಡ ಹಾಕುವ ಅಧಿಕಾರ ಮಾಲ್‌ಗೆ ಯಾರೂ ಕೊಟ್ಟಿಲ್ಲ.

ಗೇಟು ತೆಗೆಯದೆ ನಿಲ್ಲಿಸಿದ್ದು ಇನ್ನೂ ದೊಡ್ಡ ತಪ್ಪು. ರಿಪೇರಿ ಮಾಡಿದ ಗ್ಯಾರೇಜಿನವನು ಕೂಲಿ ಬರುವ ತನಕ ಗಾಡಿ ಇಟ್ಟುಕೊಳ್ಳಬಹುದು, ಏಕೆಂದರೆ ಅವನು ಅದರ ಮೇಲೆ ಕೆಲಸ ಮಾಡಿದ್ದಾನೆ. ಬರೀ ಜಾಗ ಕೊಟ್ಟವರು ವಿವಾದದಲ್ಲಿರುವ ದಂಡಕ್ಕಾಗಿ ಹಾಗೆ ಹಿಡಿದಿಟ್ಟುಕೊಳ್ಳುವಂತಿಲ್ಲ. ಒಬ್ಬರು ಹೋಗುವ ಹಕ್ಕಿರುವ ಕಡೆ ಹೋಗದಂತೆ ಬೇಕೆಂದೇ ಅಡ್ಡಹಾಕುವುದು ಭಾರತೀಯ ನ್ಯಾಯ ಸಂಹಿತೆಯ 126ನೇ ಸೆಕ್ಷನ್ನಿನಲ್ಲಿ ಅಪರಾಧ. ಇನ್ನೊಮ್ಮೆ ಹೀಗಾದರೆ ನ್ಯಾಯವಾದ ಶುಲ್ಕವನ್ನು ಮುಂದೆ ಹಿಡಿಯಿರಿ, ಮ್ಯಾನೇಜರನ್ನು ಕರೆಸಿ. ಆಗಲೂ ಬಿಡದಿದ್ದರೆ 112ಕ್ಕೆ ಫೋನ್ ಮಾಡಿ. ಗೇಟಿನಲ್ಲಿ ನಿಂತ ಹುಡುಗನ ಮೇಲೆ ರೇಗಬೇಡಿ, ಆ ನಿಯಮ ಮಾಡಿದ್ದು ಅವನಲ್ಲ. ಮಕ್ಕಳು ಕಾರಿನಲ್ಲಿ ಅಳುತ್ತಿರುವಾಗ ಜಗಳ ಬೇಡ ಅನಿಸಿದರೆ ಹಣ ಕಟ್ಟಿ, ಆದರೆ ರಸೀದಿಯ ಮೇಲೆ 'ಒಪ್ಪಿಗೆಯಿಲ್ಲದೆ ಕಟ್ಟಿದ್ದೇನೆ' ಅಂತ ಬರೆದು ಫೋಟೋ ತೆಗೆದಿಡಿ. ಬಲವಂತಕ್ಕೆ ಕೊಟ್ಟ ಹಣ ವಾಪಸು ಕೊಡಬೇಕೆಂದು ಅದೇ ಕರಾರು ಕಾಯ್ದೆಯ 72ನೇ ಸೆಕ್ಷನ್ ಹೇಳುತ್ತದೆ.

ಇನ್ನು ಬಾನೆಟ್. 'ಹೊಣೆಯಲ್ಲ' ಎಂಬ ಬೋರ್ಡಿನ ಬಗ್ಗೆ ಸುಪ್ರೀಂ ಕೋರ್ಟಿನ 2019ರ ನವೆಂಬರ್ ತೀರ್ಪೊಂದಿದೆ. 1998ರಲ್ಲಿ ದಿಲ್ಲಿಯ ತಾಜ್ ಮಹಲ್ ಹೋಟೆಲಿಗೆ ಬಂದವರೊಬ್ಬರು ತಮ್ಮ ಮಾರುತಿ ಝೆನ್ ಕಾರನ್ನು ಕೀ ಸಮೇತ ಹೋಟೆಲಿನ ಸಿಬ್ಬಂದಿಗೆ ಕೊಟ್ಟಿದ್ದರು. ಕಾರು ಕಳವಾಯಿತು. 'ಮಾಲೀಕರ ಹೊಣೆಗೆ' ಎಂದು ಟೋಕನ್ನಿನಲ್ಲಿ ಅಚ್ಚಾಗಿತ್ತು. ಹೋಟೆಲಿನವರದೇ ನಿರ್ಲಕ್ಷ್ಯದಿಂದ ಆದದ್ದಕ್ಕೆ ಆ ಚೀಟಿ ರಕ್ಷಣೆ ಕೊಡುವುದಿಲ್ಲ ಎಂದಿತು ಕೋರ್ಟು. ವಶಕ್ಕೆ ತೆಗೆದುಕೊಂಡ ವಾಹನ ಕೊಟ್ಟ ಸ್ಥಿತಿಯಲ್ಲಿ ಮರಳದಿದ್ದರೆ, ತಾವು ಸಾಕಷ್ಟು ಎಚ್ಚರ ವಹಿಸಿದ್ದೆವು ಅಂತ ಹೋಟೆಲಿನವರೇ ತೋರಿಸಬೇಕು.

ಆದರೆ ಮಾಲ್‌ನ ವಕೀಲರು ನಿಮಗೆ ಕೇಳುವ ಮೊದಲ ಪ್ರಶ್ನೆ: ಕೀ ಯಾರ ಕೈಯಲ್ಲಿತ್ತು? ಆ ತೀರ್ಪು ಕೀ ಕೊಟ್ಟವರದ್ದು. ನೀವೇ ನಿಲ್ಲಿಸಿ, ಬೀಗ ಹಾಕಿ, ಕೀ ಜೇಬಿಗೆ ಹಾಕಿಕೊಂಡಿದ್ದೀರಿ. ಕಾರು ನಮ್ಮ ವಶಕ್ಕೆ ಬರಲೇ ಇಲ್ಲ, ಬರೀ ಜಾಗ ಬಾಡಿಗೆಗೆ ಕೊಟ್ಟಿದ್ದೇವೆ ಅಂತ ಅವರು ವಾದಿಸಬಹುದು. ಪಕ್ಕದಲ್ಲಿ ನಿಲ್ಲಿಸಿದ ಯಾರೋ ಬಾಗಿಲು ತಾಗಿಸಿ ಗೀರು ಹಾಕಿದ್ದರೆ ಈ ವಾದಕ್ಕೆ ಬಲ ಇರುತ್ತಿತ್ತು, ನಾನೂ ನಿಮಗೆ ವಿಮೆಯ ದಾರಿಯನ್ನೇ ಹೇಳುತ್ತಿದ್ದೆ.

ನಿಮ್ಮದು ಹಾಗಲ್ಲ. ಇಲ್ಲಿ ಹಾನಿ ಮಾಡಿದ್ದೇ ಅವರ ಕಟ್ಟಡ. ಮಳೆನೀರು ಸ್ಲ್ಯಾಬಿನ ಬಿರುಕಿನಲ್ಲಿ ಇಳಿಯುವಾಗ ಕಾಂಕ್ರೀಟಿನ ಸುಣ್ಣವನ್ನು ಕರಗಿಸಿಕೊಂಡು ಬರುತ್ತದೆ. ಅದು ಬಾನೆಟ್ಟಿನ ಮೇಲೆ ಒಣಗಿದರೆ ಬಿಳಿ ಪದರ ಗಟ್ಟಿಯಾಗಿ ಕೂರುತ್ತದೆ, ಬಣ್ಣದ ಮೇಲಿನ ಹೊಳಪಿನ ಪದರವನ್ನೂ ತಿನ್ನುತ್ತದೆ. ಬರೀ ಮಳೆನೀರಿನ ಕಲೆಯಾದರೆ ಒರೆಸಿದರೆ ಹೋಗುತ್ತದೆ, ಇದು ಹೋಗುವುದಿಲ್ಲ. ಕಾರು ಯಾರ ವಶದಲ್ಲಿತ್ತು ಎನ್ನುವ ಚರ್ಚೆಯೇ ಇಲ್ಲಿ ಬೇಕಾಗಿಲ್ಲ. ದುಡ್ಡು ತೆಗೆದುಕೊಂಡು ಕೊಟ್ಟ ಜಾಗವೇ ಸರಿಯಿರಲಿಲ್ಲ, ಅದು ಸೇವೆಯ ಲೋಪ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ನಿರ್ಲಕ್ಷ್ಯವೂ ಸೇವಾಲೋಪದೊಳಗೇ ಬರುತ್ತದೆ. ಮಂಗಳೂರಿನ ಮಳೆ ಯಾರಿಗೂ ಹೇಳದೆ ಬರುವಂಥದ್ದಲ್ಲ. ಸೋರುವ ಜಾಗದ ಕೆಳಗೆ ಒಂದು ತಗಡಿನ ತಟ್ಟೆ ಕಟ್ಟಬಹುದಿತ್ತು, ಅಲ್ವಾ? ಅದೂ ಆಗದಿದ್ದರೆ ಎರಡು ಕೋನ್ ಇಟ್ಟು ಆ ಜಾಗ ಮುಚ್ಚಬಹುದಿತ್ತು.

ಈಗ ಮಾಡಬೇಕಾದ್ದು. ಮೊದಲು 500ರ ರಸೀದಿ ತೆಗೆದು ಅದರಲ್ಲಿರುವ ಹೆಸರು, ಜಿಎಸ್‌ಟಿ ನಂಬರು ನೋಡಿ. ಪಾರ್ಕಿಂಗನ್ನು ಎಷ್ಟೋ ಕಡೆ ಗುತ್ತಿಗೆದಾರರು ನಡೆಸುತ್ತಾರೆ. ನೋಟಿಸನ್ನು ಮಾಲ್‌ಗೂ ಗುತ್ತಿಗೆದಾರರಿಗೂ ಕಳಿಸಿ, ಇಲ್ಲದಿದ್ದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾ ಕೂರುತ್ತಾರೆ. ಪಾಲಿಶ್ ಮಾಡಿಸುವ ಮುಂಚೆ ಗ್ಯಾರೇಜಿನವರಿಂದ 'ಸುಣ್ಣದ ನೀರಿನ ಕಲೆ' ಎಂದು ಕಾರಣ ಬರೆಸಿದ ಎಸ್ಟಿಮೇಟ್ ತೆಗೆದುಕೊಳ್ಳಿ. ನೋಟಿಸಿನಲ್ಲಿ 450 ಮತ್ತು 6,500ನ್ನು ಬೇರೆ ಬೇರೆಯಾಗಿ ಕೇಳಿ, 15 ದಿನ ಕೊಡಿ. ಆ ದಿನದ ಸಿಸಿಟಿವಿ ದೃಶ್ಯ ಅಳಿಸದೆ ಇಡಿ ಎಂದೂ ಅದರಲ್ಲೇ ಬರೆಯಿರಿ.

ಉತ್ತರ ಬಾರದಿದ್ದರೆ ಗ್ರಾಹಕ ಸಹಾಯವಾಣಿ 1915. ಅಲ್ಲೂ ಆಗದಿದ್ದರೆ ಮಂಗಳೂರಿನಲ್ಲೇ ಇರುವ ದಕ್ಷಿಣ ಕನ್ನಡ ಜಿಲ್ಲಾ ಗ್ರಾಹಕ ಆಯೋಗ. ನಿಮ್ಮ ಮೊತ್ತಕ್ಕೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ, ಎರಡು ವರ್ಷದೊಳಗೆ ದೂರು ಕೊಟ್ಟರೆ ಸಾಕು. ಒಂದು ಎಚ್ಚರಿಕೆ: ದೂರಿನಲ್ಲಿ 'ಸೇವಾಲೋಪ', 'ಅನುಚಿತ ವ್ಯಾಪಾರ ಪದ್ಧತಿ' ಎಂದೇ ಬರೆಯಿರಿ. 'ಅನ್ಯಾಯದ ಕರಾರು' ಎಂದು ಬರೆದರೆ ಅದನ್ನು ಕೇಳುವುದು ಬೆಂಗಳೂರಿನ ರಾಜ್ಯ ಆಯೋಗ, ನೀವು ಸುಮ್ನೆ ಅಲೆಯಬೇಕಾಗುತ್ತದೆ.

ಅಂದು ಕಲೆ ಕಂಡದ್ದು ಮನೆಯಲ್ಲಿ, ಆದ್ದರಿಂದ 'ಬೇರೆಲ್ಲೋ ಆಗಿರಬಹುದು' ಅಂತ ಅವರು ಹೇಳಿಯೇ ಹೇಳುತ್ತಾರೆ. ಸ್ಲ್ಯಾಬು ರಿಪೇರಿ ಆಗುವ ತನಕ ಅದೇ ಜಾಗದಲ್ಲಿ ಸೋರುತ್ತದೆ. ಮುಂದಿನ ಜೋರು ಮಳೆಗೆ ಒಮ್ಮೆ ಹೋಗಿ, ಕಂಬದ ನಂಬರು, ಮೇಲಿನ ಬಿರುಕು, ನೆಲದ ಬಿಳಿ ಗುರುತು ಮೂರೂ ಒಟ್ಟಿಗೆ ಕಾಣುವ ಹಾಗೆ ವೀಡಿಯೊ ಮಾಡಿಕೊಳ್ಳಿ. ಕಾರನ್ನು ಮಾತ್ರ ಬೇರೆ ಕಡೆ ನಿಲ್ಲಿಸಿ.