ಸೋಗೆಯ ಮೇಲೆ ಶೇಕಡಾ ಒಂದು ಚುಕ್ಕೆ, ಮಾಸ್ಕ್ ಮಾತ್ರ ಪೂರ್ತಿ ಕಪ್ಪು

ಪ್ರಶ್ನೆ: ಬದಿಯಡ್ಕದ ಹತ್ತಿರ ನಮ್ಮ ಅಡಿಕೆ ತೋಟವಿದೆ. ಸೋಗೆಯಲ್ಲಿ ಎಲೆಚುಕ್ಕೆ ರೋಗ ಎಷ್ಟು ಹರಡಿದೆ ಎಂದು ಮೊಬೈಲ್ ಚಿತ್ರದಿಂದ ಅಳೆಯುವ ಪ್ರಾಜೆಕ್ಟ್ ನನ್ನದು. ಚಿತ್ರಗಳನ್ನು 256×256 ತುಣುಕು ಮಾಡಿ ಯು-ನೆಟ್‌ಗೆ ತರಬೇತಿ ಕೊಟ್ಟೆ. ನಿಖರತೆ ಶೇ. 99 ಬಂತು, ಆದರೆ ಚುಕ್ಕೆಯ ಜಾಗವನ್ನು ಬಿಳಿಯಾಗಿ ತೋರಿಸಬೇಕಾದ ಮಾಸ್ಕ್ ತೆರೆದು ನೋಡಿದರೆ ಪೂರ್ತಿ ಕಪ್ಪು. ಮೆಮೊರಿ ಸಾಲದೆ ಸ್ಕಿಪ್ ಕನೆಕ್ಷನ್‌ಗಳನ್ನು ತೆಗೆದಿದ್ದೆ. ಅದೇ ಕಾರಣವೇ? ಡೈಸ್ ಲಾಸ್ ಹಾಕಿದರೆ ಸರಿಹೋದೀತೇ?
– ಇಂಜಿನಿಯರಿಂಗ್ ವಿದ್ಯಾರ್ಥಿ, ಕಾಸರಗೋಡು ಜಿಲ್ಲೆ

ಉತ್ತರ: ನಿಮ್ಮಲ್ಲಿ ಎರಡು ತೊಂದರೆಗಳು ಒಂದರ ಹಿಂದೆ ಒಂದು ಅಡಗಿವೆ. ಕಪ್ಪು ಮಾಸ್ಕ್‌ಗೆ ಮುಖ್ಯ ಕಾರಣ ಲಾಸ್, ಅಂದರೆ ತರಬೇತಿಯಲ್ಲಿ ಮಾಡೆಲ್‌ನ ತಪ್ಪನ್ನು ಅಳೆಯುವ ಲೆಕ್ಕ. ಅದನ್ನು ಸರಿಪಡಿಸಿದ ಮೇಲೆ ಸ್ಕಿಪ್ ಕನೆಕ್ಷನ್ ಇಲ್ಲದ ಕೊರತೆ ಎದುರಾಗುತ್ತದೆ. ಆದ್ದರಿಂದ ಲಾಸ್‌ನಿಂದಲೇ ಆರಂಭಿಸೋಣ.

ನಿಮ್ಮ ಒಂದು ತುಣುಕಿನಲ್ಲಿ 65,536 ಪಿಕ್ಸೆಲ್‌ಗಳಿವೆ. ಅದರಲ್ಲಿ ಚುಕ್ಕೆಯ ಭಾಗ ಸುಮಾರು 655, ಅಂದರೆ ಶೇಕಡಾ ಒಂದು ಎಂದುಕೊಳ್ಳಿ. ಒಂದು ಚುಕ್ಕೆಯನ್ನೂ ಗುರುತಿಸದ ಮಾಡೆಲ್ ತಪ್ಪುವುದು ಆ 655ರಲ್ಲಿ ಮಾತ್ರ, ಹಾಗಾಗಿ ಅದರ ನಿಖರತೆ ಶೇ. 99. ಈಗ ಇನ್ನೊಂದು ಮಾಡೆಲ್ 500 ಪಿಕ್ಸೆಲ್‌ಗಳನ್ನು ಚುಕ್ಕೆ ಎಂದು ಗುರುತಿಸಿತು, ಅವುಗಳಲ್ಲಿ 400 ಸರಿ ಎನ್ನಿ. ತೋಟದಲ್ಲಿ ಖಂಡಿತ ಉಪಯೋಗಕ್ಕೆ ಬರುವ ಈ ಮಾಡೆಲ್‌ನ ನಿಖರತೆ ಶೇ. 99.5ರ ಆಸುಪಾಸು. ಏನೂ ಕಾಣದ್ದಕ್ಕೂ ಬಹುಪಾಲು ಕಂಡದ್ದಕ್ಕೂ ಅರ್ಧ ಶೇಕಡಾ ಅಂತರ! ಇಂಥ ಕೆಲಸದ ವರದಿಯಲ್ಲಿ ನಿಖರತೆಯನ್ನು ಮುಂದಿಟ್ಟರೆ ನನಗೆ ನಿಜವಾಗಿಯೂ ಬೇಸರವಾಗುತ್ತದೆ. ಅದನ್ನು ಬರೆಯಲೇಬೇಡಿ.

ಕ್ರಾಸ್ ಎಂಟ್ರಪಿ ಲಾಸ್ ಕೂಡ ಇದೇ ಹಳ್ಳಕ್ಕೆ ಬೀಳುತ್ತದೆ, ಏಕೆಂದರೆ ಅದು ಪ್ರತಿ ಪಿಕ್ಸೆಲ್‌ಗೂ ಒಂದೊಂದು ಮತ ಕೊಟ್ಟು ಸರಾಸರಿ ತೆಗೆಯುತ್ತದೆ. ಚಿತ್ರದ ಎಲ್ಲ ಕಡೆಯೂ ಸಂಭವನೀಯತೆ 0.01 ಎಂದು ಕಣ್ಣುಮುಚ್ಚಿ ಹೇಳಿದರೆ ಲಾಸ್ 0.056ಕ್ಕೆ ಇಳಿಯುತ್ತದೆ. ಆರಂಭದಲ್ಲಿ ಒಂದು ಚುಕ್ಕೆಯ ಪಿಕ್ಸೆಲ್ ಮೇಲಕ್ಕೆಳೆದರೆ 99 ಹಸಿರು ಪಿಕ್ಸೆಲ್‌ಗಳು ಕೆಳಕ್ಕೆ ಎಳೆಯುತ್ತವೆ. ಬಹಳ ಹೊತ್ತು ತರಬೇತಿ ಕೊಟ್ಟರೆ ಮಾಡೆಲ್ ಅಲ್ಲಿಂದ ಮೇಲೆದ್ದು ಬರುವುದೂ ಉಂಟು, ಆದರೆ ಲಾಸ್ ಆಗಲೇ ತಳಕ್ಕಿಳಿದಂತೆ ಕಾಣುವುದರಿಂದ ನಾವು ಅಷ್ಟರಲ್ಲಿ ನಿಲ್ಲಿಸಿರುತ್ತೇವೆ. ನಿಮ್ಮಲ್ಲಿ ಆದದ್ದು ಇದೇ ಹೌದೋ ಅಲ್ಲವೋ ಎಂದು ತಿಳಿಯಲು ಮಾಡೆಲ್ ಕೊಡುವ ಸಂಭವನೀಯತೆಗಳ ಸರಾಸರಿಯನ್ನೂ ಗರಿಷ್ಠವನ್ನೂ ಮುದ್ರಿಸಿ ನೋಡಿ. ಸರಾಸರಿ 0.01ರ ಹತ್ತಿರವಿದ್ದು ಗರಿಷ್ಠವೂ ಅದಕ್ಕಿಂತ ಹೆಚ್ಚು ಮೇಲಿಲ್ಲದಿದ್ದರೆ, ಮಾಡೆಲ್ ಕಲಿತಿರುವುದು ಚುಕ್ಕೆಗಳ ಪ್ರಮಾಣವನ್ನು ಮಾತ್ರ, ಅವು ಇರುವ ಜಾಗವನ್ನಲ್ಲ. ಇನ್ನೊಂದು ಸಣ್ಣ ತಪಾಸಣೆಯನ್ನೂ ಮಾಡಿಬಿಡಿ: ಮಾಸ್ಕ್ ಕಡತದಲ್ಲಿ ಬೆಲೆಗಳು 0 ಮತ್ತು 255 ಇದ್ದರೆ ಅವನ್ನು 0 ಮತ್ತು 1 ಮಾಡಿದ್ದೀರಾ? ಇದೊಂದು ಮರೆತು ವಾರಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಡೈಸ್ ಲೆಕ್ಕ ಬೇರೆ ದಾರಿ ಹಿಡಿಯುತ್ತದೆ. ಸರಿಯಾಗಿ ಹಿಡಿದ ಚುಕ್ಕೆ ಪಿಕ್ಸೆಲ್‌ಗಳನ್ನು ಎರಡರಿಂದ ಗುಣಿಸಿ, ಮಾಡೆಲ್ ಹೇಳಿದ ಚುಕ್ಕೆ ಮತ್ತು ನಿಜವಾದ ಚುಕ್ಕೆಗಳ ಮೊತ್ತದಿಂದ ಭಾಗಿಸಬೇಕು. ಮೇಲಿನ ಎರಡನೆಯ ಮಾಡೆಲ್‌ಗೆ 800 ಭಾಗಿಸು 1155, ಅಂದರೆ 0.69. ಕಪ್ಪು ಮಾಸ್ಕ್‌ಗೆ ಸೊನ್ನೆ. ಒಂದರಿಂದ ಈ ಅಂಕಿಯನ್ನು ಕಳೆದರೆ ಸಿಗುವುದೇ ಡೈಸ್ ಲಾಸ್. ಸರಿಯಾಗಿ ಹಸಿರು ಎಂದ ಪಿಕ್ಸೆಲ್‌ಗಳಿಗೆ ಈ ಸೂತ್ರದಲ್ಲಿ ಜಾಗವೇ ಇಲ್ಲ, ಆದ್ದರಿಂದ ಅವುಗಳ ಸಂಖ್ಯಾಬಲ ಇಲ್ಲಿ ನಡೆಯುವುದಿಲ್ಲ. ಕ್ರಾಸ್ ಎಂಟ್ರಪಿಯನ್ನು 0.056ಕ್ಕೆ ಒಪ್ಪಿಸಿದ ಅದೇ ಕಣ್ಣುಮುಚ್ಚಿದ ಉತ್ತರಕ್ಕೆ ಡೈಸ್ ಲಾಸ್ 0.99 ದಂಡ ಹಾಕುತ್ತದೆ. 2016ರಲ್ಲಿ ವಿ-ನೆಟ್ ಎಂಬ ಜಾಲದಲ್ಲಿ ಪ್ರಾಸ್ಟೇಟ್ ಗ್ರಂಥಿಯನ್ನು ಎಂಆರ್‌ಐ ಚಿತ್ರಗಳಿಂದ ಬೇರ್ಪಡಿಸಲು ಇದನ್ನು ಬಳಸಿದಾಗಲೂ ತೊಡಕು ಇದೇ ಆಗಿತ್ತು: ಬೇಕಾದ ಅಂಗ ಚಿಕ್ಕದು, ಹಿನ್ನೆಲೆ ದೊಡ್ಡದು.

```python
def dice_loss(logits, mask, eps=1.0):
    p = torch.sigmoid(logits)
    inter = (p * mask).sum()
    total = p.sum() + mask.sum()
    return 1 - (2 * inter + eps) / (total + eps)
```

ಇಲ್ಲಿ ಮೊತ್ತವನ್ನು ಇಡೀ ಬ್ಯಾಚ್‌ಗೆ ಒಟ್ಟಿಗೆ ತೆಗೆದಿರುವುದನ್ನು ಗಮನಿಸಿ. ಒಂದೊಂದು ತುಣುಕಿಗೆ ಬೇರೆಬೇರೆಯಾಗಿ ತೆಗೆದರೆ ರೋಗವಿಲ್ಲದ ಸೋಗೆಯ ತುಣುಕುಗಳು ಕಾಟ ಕೊಡುತ್ತವೆ. ಅಲ್ಲಿ ನಿಜವಾದ ಚುಕ್ಕೆ ಸೊನ್ನೆ. ಮಾಡೆಲ್ ಪ್ರತಿ ಪಿಕ್ಸೆಲ್‌ಗೆ 0.001 ಎಂಬಷ್ಟು ಪ್ರಾಮಾಣಿಕವಾದ ಸಣ್ಣ ಉತ್ತರ ಕೊಟ್ಟರೂ ಒಟ್ಟು 65 ದಾಟಿ, ಲಾಸ್ 0.98ಕ್ಕೂ ಮೇಲೆ ಹೋಗುತ್ತದೆ. ಒಳ್ಳೆಯ ಉತ್ತರಕ್ಕೆ ಪೂರ್ತಿ ಶಿಕ್ಷೆ. ಬ್ಯಾಚ್‌ನಲ್ಲಿ ಚುಕ್ಕೆಯಿರುವ ತುಣುಕುಗಳೂ ಬೆರೆತಿದ್ದರೆ ಈ ಏಟು ಹಗುರಾಗುತ್ತದೆ. ಡೈಸ್ ಒಂದನ್ನೇ ನೆಚ್ಚಿದರೆ ತರಬೇತಿ ಮೇಲೆಕೆಳಗೆ ಜಿಗಿಯುತ್ತದೆ, ಸಂಭವನೀಯತೆಗಳೂ 0 ಅಥವಾ 1ರ ಅಂಚಿಗೆ ಹೋಗಿ ಅಂಟಿಕೊಳ್ಳುತ್ತವೆ. ನಾನು ಡೈಸ್ ಮತ್ತು ಕ್ರಾಸ್ ಎಂಟ್ರಪಿ ಎರಡನ್ನೂ ಕೂಡಿಸಿಯೇ ಬಳಸುತ್ತೇನೆ. ನೀವೂ ಸಮಪಾಲಿನಿಂದ ಆರಂಭಿಸಿ.

ಈಗ ಸ್ಕಿಪ್ ಕನೆಕ್ಷನ್. ಎನ್‌ಕೋಡರ್ ನಾಲ್ಕು ಸಲ ಅಳತೆಯನ್ನು ಅರ್ಧ ಮಾಡುವಾಗ 256 ಹೋಗಿ 16 ಆಗುತ್ತದೆ. ತಳದ ಒಂದು ಮನೆ ಎಂದರೆ ಮೂಲ ಚಿತ್ರದ 16×16 ಪಿಕ್ಸೆಲ್‌ಗಳ ಹೆಜ್ಜೆ. ನಿಮ್ಮ ಎಳೆಯ ಚುಕ್ಕೆ ಎಂಟು ಪಿಕ್ಸೆಲ್ ಅಗಲವಿದ್ದರೆ ಆ ಮನೆಯ ಒಂದು ಮೂಲೆಯಲ್ಲಿ ಅಡಗಿಬಿಡುತ್ತದೆ. ‘ಇಲ್ಲೆಲ್ಲೋ ರೋಗವಿದೆ’ ಎಂಬ ಸುದ್ದಿ ಚಿತ್ರವನ್ನು ಮತ್ತೆ ಮೂಲ ಅಳತೆಗೆ ಹಿಗ್ಗಿಸುವ ಡಿಕೋಡರ್‌ಗೆ ತಲುಪುತ್ತದೆ, ಯಾವ ಮೂಲೆ ಎಂಬುದು ಬಹುಮಟ್ಟಿಗೆ ಕಳೆದುಹೋಗುತ್ತದೆ. ಎನ್‌ಕೋಡರ್‌ನ ಮೇಲಿನ ಹಂತಗಳಲ್ಲಿ ಅಂಚುಗಳು ಇನ್ನೂ ಸ್ಪಷ್ಟವಾಗಿರುತ್ತವೆ. ಅದೇ ಅಳತೆಯ ಡಿಕೋಡರ್ ಹಂತಕ್ಕೆ ಅವನ್ನು ನೇರವಾಗಿ ತಂದು ಜೋಡಿಸುವುದೇ 2015ರ ಯು-ನೆಟ್‌ನ ಮರ್ಮ. ಅದಿಲ್ಲದೆ ಡೈಸ್ ಲಾಸ್ ಹಾಕಿದರೆ ಕಪ್ಪು ಹೋಗಿ, ಚುಕ್ಕೆಗಳಿರುವ ಕಡೆ ಮಸುಕಾದ ಉಂಡೆಗಳು ಕಾಣಿಸುತ್ತವೆ. ಅಕ್ಕಪಕ್ಕದ ಮೂರು ಚುಕ್ಕೆಗಳು ಒಂದೇ ಮಚ್ಚೆಯಾಗಿ, ರೋಗದ ಪ್ರಮಾಣ ಇರುವುದಕ್ಕಿಂತ ಹೆಚ್ಚು ಬರುತ್ತದೆ.

ತೆಗೆದು ಉಳಿಸಿದ ಮೆಮೊರಿಯೂ ನೀವು ಎಣಿಸಿದಷ್ಟಿಲ್ಲ. ತರಬೇತಿಯ ಹಿಮ್ಮುಖ ಲೆಕ್ಕಕ್ಕೆ ಎನ್‌ಕೋಡರ್‌ನ ಆ ಫಲಿತಗಳನ್ನು ಹೇಗೂ ಇಟ್ಟುಕೊಳ್ಳಲೇಬೇಕು. ಸ್ಕಿಪ್‌ಗಳನ್ನು ಮರಳಿ ಹಾಕಿ, ಮೊದಲ ಹಂತದ ಚಾನೆಲ್‌ಗಳನ್ನು 64ರಿಂದ 32ಕ್ಕೆ ಇಳಿಸಿ ಮುಂದಿನವನ್ನೂ ಅದೇ ಪ್ರಮಾಣದಲ್ಲಿ ತಗ್ಗಿಸಿ. ಚಿತ್ರವನ್ನು ಕುಗ್ಗಿಸಿ ಮೆಮೊರಿ ಉಳಿಸಲು ಮಾತ್ರ ಹೋಗಬೇಡಿ. 4000 ಪಿಕ್ಸೆಲ್ ಅಗಲದ ಚಿತ್ರವನ್ನು 256ಕ್ಕೆ ಇಳಿಸಿದರೆ 40 ಪಿಕ್ಸೆಲ್‌ನ ಚುಕ್ಕೆ ಮೂರು ಪಿಕ್ಸೆಲ್ ಕೂಡ ಉಳಿಯುವುದಿಲ್ಲ. ನೀವು ತುಣುಕು ಮಾಡಿದ್ದೇ ಸರಿ.

ಇಷ್ಟಾದ ಮೇಲೆ ಡೈಸ್ ಅಂಕಿಯನ್ನು ಓದುವಾಗ ಎರಡು ವಿಷಯ ನೆನಪಿರಲಿ. 6×6 ಪಿಕ್ಸೆಲ್‌ನ ಚುಕ್ಕೆಯನ್ನು ಮಾಡೆಲ್ ಒಂದು ಪಿಕ್ಸೆಲ್ ಪಕ್ಕಕ್ಕೆ ಸರಿಸಿ ಗುರುತಿಸಿದರೆ ಡೈಸ್ 0.83ಕ್ಕೆ ಇಳಿಯುತ್ತದೆ, 60×60ರ ಮಚ್ಚೆಯಲ್ಲಿ ಅದೇ ತಪ್ಪಿಗೆ 0.98 ಉಳಿಯುತ್ತದೆ. ಹಾಗಾಗಿ ಕಂದು ಚುಕ್ಕೆಯ ಸುತ್ತಲಿನ ಹಳದಿ ಬಳೆಯನ್ನು ಮಾಸ್ಕ್‌ಗೆ ಸೇರಿಸುವುದೋ ಬಿಡುವುದೋ ಎಂದು ಮೊದಲೇ ತೀರ್ಮಾನಿಸಿ. ಗುರುತು ಹಾಕುವ ಇಬ್ಬರು ಎರಡು ಬಗೆ ಮಾಡಿದರೆ, ಸಣ್ಣ ಚುಕ್ಕೆಗಳಲ್ಲಿ ಆ ಗೊಂದಲವೇ ಮಾಡೆಲ್‌ನ ತಪ್ಪಿಗಿಂತ ದೊಡ್ಡದಾದೀತು. ಎರಡನೆಯದು, ಡೈಸ್ ಎಣಿಸುವುದು ಪಿಕ್ಸೆಲ್‌ಗಳನ್ನು, ಚುಕ್ಕೆಗಳನ್ನಲ್ಲ. ಒಂದು ದೊಡ್ಡ ಮಚ್ಚೆಯನ್ನು ಚೆನ್ನಾಗಿ ಹಿಡಿದು ಹತ್ತು ಎಳೆಯ ಚುಕ್ಕೆಗಳನ್ನು ಬಿಟ್ಟರೂ ಅಂಕಿ ಚಂದವಾಗಿಯೇ ಇರುತ್ತದೆ. ನಿಮ್ಮ ತೋಟಕ್ಕೆ ಬೇಕಾದ ಎಚ್ಚರಿಕೆ ಆ ಎಳೆಯ ಚುಕ್ಕೆಗಳಲ್ಲಿದೆ. ಮಾಸ್ಕ್‌ನ ಬಿಡಿ ಬಿಡಿ ಚುಕ್ಕೆಗಳಲ್ಲಿ ಮಾಡೆಲ್ ಎಷ್ಟನ್ನು ಮುಟ್ಟಿದೆ ಎಂದು ಪ್ರತ್ಯೇಕವಾಗಿ ಎಣಿಸಿ, ಆ ಸಂಖ್ಯೆಯನ್ನು ಡೈಸ್‌ನ ಪಕ್ಕದಲ್ಲೇ ಬರೆಯಿರಿ.